‘ನೀನು ಮೊದಲಿನ ಹಾಗಿಲ್ಲ’ ಎಂದಾಗ ಏನು ಹೇಳಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ದಂಪತಿಗಳ ಆಪ್ತಸಮಾಲೋಚನೆ ನನ್ನ ಕೆಲಸ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯಿಂದ ತೋಟದ ಮನೆಯವರು ಬರುತ್ತಾರೆ. ಚನ್ನರಾಯಪಟ್ಟಣ, ಹೊಳೆನರಸೀಪುರದಿಂದ ನೌಕರಿಯವರೂ ಬೇಸಾಯಗಾರರೂ ಬರುತ್ತಾರೆ. ದೂರು ಯಾವುದೇ ಇರಲಿ, ಒಂದಲ್ಲ ಒಂದು ಹೊತ್ತಿನಲ್ಲಿ ಇಬ್ಬರಲ್ಲೊಬ್ಬರು ಈ ಮಾತು ಆಡುತ್ತಾರೆ: ‘ನೀನು ತುಂಬಾ ಬದಲಾಗಿಬಿಟ್ಟಿದ್ದೀಯ.’ ಅದನ್ನು ಕೇಳಿಸಿಕೊಂಡವರು ಮುಂದಿನ ಒಂದೆರಡು ನಿಮಿಷ ಏನು ಮಾಡುತ್ತಾರೆ ಎಂಬುದರ ಮೇಲೆ ಆ ರಾತ್ರಿಯ ಊಟ, ಕೆಲವೊಮ್ಮೆ ಆ ವಾರವೇ ನಿಂತಿರುತ್ತದೆ. ಈ ಪುಟ ಆ ಒಂದೆರಡು ನಿಮಿಷದ ಬಗ್ಗೆ: ನಮ್ಮನ್ನು ನಾವು ಸಮರ್ಥಿಸಿಕೊಳ್ಳಲು ಹೊರಡದೆ ಕೇಳಿಸಿಕೊಳ್ಳುವುದು ಹೇಗೆ.

## ಆ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಮೊದಲ ವಾಕ್ಯ ಏನಿರಬೇಕು?

ಅದು ನಿಜವೋ ಸುಳ್ಳೋ ಎಂದು ತೀರ್ಪು ಕೊಡುವ ವಾಕ್ಯ ಆಗಿರಬಾರದು. ‘ಇಲ್ಲ, ನಾನು ಹಾಗೇ ಇದ್ದೇನೆ’ ಎಂಬುದೂ ತೀರ್ಪು, ‘ಹೌದು, ಬದಲಾಗಿದ್ದೇನೆ, ಏನೀಗ?’ ಎಂಬುದೂ ತೀರ್ಪು. ಯಾವುದರ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದೇ ನಿಮಗಿನ್ನೂ ಗೊತ್ತಿಲ್ಲ. ‘ಬದಲಾಗಿದ್ದೀಯ’ ಎನ್ನುವುದು ದೊಡ್ಡ ಪಾತ್ರೆ. ಒಳಗೆ ಸಾಮಾನ್ಯವಾಗಿ ಒಂದು ಸಣ್ಣ ವಸ್ತು ಇರುತ್ತದೆ: ನಿಂತುಹೋದ ಒಂದು ಅಭ್ಯಾಸ, ಕೇಳದೆ ಹೋದ ಒಂದು ಪ್ರಶ್ನೆ, ಯಾವುದೋ ಒಂದು ಸಂಜೆ. ಮೊದಲ ವಾಕ್ಯದ ಕೆಲಸ ಆ ವಸ್ತುವನ್ನು ಹೊರಗೆ ತರುವುದು.

ಹಾಗಾಗಿ ನಾನು ಹೇಳಿಕೊಡುವ ವಾಕ್ಯ ತುಂಬಾ ಸರಳ: ‘ಯಾವುದರಲ್ಲಿ ಹಾಗೆ ಅನ್ನಿಸಿತು? ಇತ್ತೀಚಿನದೊಂದು ಹೇಳು.’

ಇದರಲ್ಲಿ ಪದಗಳ ಆಯ್ಕೆ ಮುಖ್ಯ. ‘ಯಾಕೆ ಹಾಗಂತೀಯ?’ ಎಂದು ಕೇಳಿದರೆ ಎದುರಿನವರು ತಮ್ಮ ಮಾತಿಗೆ ಕಾರಣ ಕೊಡಬೇಕಾಗುತ್ತದೆ, ಸಾಕ್ಷಿ ಒದಗಿಸಬೇಕಾಗುತ್ತದೆ. ‘ಯಾವುದರಲ್ಲಿ’, ‘ಯಾವಾಗ’ ಎಂದರೆ ಕಂಡದ್ದನ್ನು ಹೇಳಿದರೆ ಸಾಕು. ‘ಏನು’ ಎಂಬ ಪದದ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ‘ನಾನೇನು ಬದಲಾಗಿದ್ದೇನೆ?’ ಎಂಬುದು ಬರೆದಾಗ ಪ್ರಶ್ನೆಯಂತೆ ಕಂಡರೂ ಕನ್ನಡದ ಕಿವಿಗೆ ಅದು ಪ್ರಶ್ನೆಯೇ ಅಲ್ಲ. ಅದರ ಅರ್ಥ ‘ನಾನು ಬದಲಾಗಿಲ್ಲ’ ಎಂದೇ. ‘ನಾನಾ?’ ಎಂದು ಹುಬ್ಬೇರಿಸುವುದೂ ಅಷ್ಟೇ. ನನ್ನ ಬಳಿ ಬಂದ ಎಷ್ಟೋ ಜನ ‘ನಾನು ಏನು ಅಂತ ಕೇಳಿದೆನಲ್ಲ’ ಎಂದು ಪ್ರಾಮಾಣಿಕವಾಗಿಯೇ ಹೇಳಿದ್ದಾರೆ. ಅವರು ಕೇಳಿದ್ದು ಈ ‘ನಾನೇನು’.

## ಆದರೆ ನಾನು ನಿಜಕ್ಕೂ ಬದಲಾಗಿಲ್ಲ. ಸುಮ್ಮನೆ ಕೇಳಿಸಿಕೊಂಡರೆ ತಪ್ಪು ಒಪ್ಪಿಕೊಂಡಂತೆ ಆಗುವುದಿಲ್ಲವೇ?

ಆಗುವುದಿಲ್ಲ. ಕೇಳಿಸಿಕೊಳ್ಳುವುದು ಒಂದು ಕೆಲಸ, ಒಪ್ಪಿಕೊಳ್ಳುವುದು ಇನ್ನೊಂದು. ‘ನಿನಗೆ ಒಂಟಿ ಅನ್ನಿಸಿದೆ’ ಎಂದು ಹೇಳಿದರೆ ನೀವು ಅವರನ್ನು ಒಂಟಿಯಾಗಿ ಬಿಟ್ಟಿರಿ ಎಂದು ಒಪ್ಪಿಕೊಂಡಂತಲ್ಲ. ಅವರು ಹೇಳಿದ್ದು ನಿಮಗೆ ತಲುಪಿತು ಎಂದಷ್ಟೇ ಅದರ ಅರ್ಥ.

ಇನ್ನೊಂದು ಸೂಕ್ಷ್ಮವೂ ಇದೆ. ನಾವು ನಮ್ಮ ಸ್ವಭಾವವನ್ನು ನೋಡಿಕೊಂಡು ‘ಬದಲಾಗಿಲ್ಲ’ ಎನ್ನುತ್ತೇವೆ. ಸಂಗಾತಿ ನಮ್ಮ ದಿನಚರಿಯನ್ನು ನೋಡಿ ‘ಬದಲಾಗಿದ್ದೀಯ’ ಎನ್ನುತ್ತಾರೆ. ಪ್ರೀತಿ ಅಷ್ಟೇ ಇರಬಹುದು, ಅದು ಕಾಣುತ್ತಿದ್ದ ಜಾಗ ಮುಚ್ಚಿಹೋಗಿರಬಹುದು. ಇಬ್ಬರೂ ಸತ್ಯವನ್ನೇ ಹೇಳುತ್ತಾ ಜಗಳವಾಡಲು ಇಷ್ಟು ಸಾಕು.

## ಸಮರ್ಥನೆ ಎಂದರೆ ಯಾವುದು? ನಾನು ಕೇವಲ ವಿವರಣೆ ಕೊಡುತ್ತಿರುತ್ತೇನೆ.

ಸಮರ್ಥನೆ ಹೆಚ್ಚಾಗಿ ವಿವರಣೆಯ ವೇಷದಲ್ಲೇ ಬರುತ್ತದೆ. ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್‌ಮನ್ ದಂಪತಿಗಳ ಜಗಳಗಳನ್ನು ವಿಡಿಯೊ ಮಾಡಿ, ವರ್ಷಗಟ್ಟಲೆ ಅದೇ ದಂಪತಿಗಳನ್ನು ಹಿಂಬಾಲಿಸಿ ಅಧ್ಯಯನ ಮಾಡಿದವರು. ಸಂಬಂಧವನ್ನು ಹೆಚ್ಚು ಕೆಡಿಸುವ ನಾಲ್ಕು ವರ್ತನೆಗಳನ್ನು ಅವರು ಹೆಸರಿಸಿದರು: ವ್ಯಕ್ತಿಯ ಮೇಲೇ ಎರಗುವ ಟೀಕೆ, ತಿರಸ್ಕಾರ, ಸಮರ್ಥನೆ, ಗೋಡೆಯಂತೆ ಮೌನವಾಗಿಬಿಡುವುದು. ‘ನೀನು ಬದಲಾಗಿದ್ದೀಯ’ ಎಂಬುದು ಟೀಕೆಯ ಅಂಚಿನಲ್ಲಿರುವ ಮಾತು, ಅದಕ್ಕೇ ಕೇಳಿದವರು ತಕ್ಷಣ ಸಮರ್ಥನೆಗೆ ಇಳಿಯುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಮೈಮೇಲೆ ಏನೋ ಬಿತ್ತೆಂದರೆ ಕೈ ಅಡ್ಡ ಬರುವುದು ಸಹಜ.

ನಮ್ಮ ಕಡೆ ಸಮರ್ಥನೆ ಬರುವ ರೂಪಗಳು ಬಹುತೇಕ ಇವು. ದುಡಿಮೆಯ ಲೆಕ್ಕ: ‘ಯಾರಿಗಾಗಿ ಇಷ್ಟೆಲ್ಲ ಮಾಡುತ್ತಿದ್ದೇನೆ?’ ತಿರುಗುಬಾಣ: ‘ನೀನು ಬದಲಾಗಿಲ್ಲವಾ?’ ಅರ್ಧ ಒಪ್ಪಿಗೆ: ‘ಹೌದು, ಆದರೆ...’ ಮತ್ತೊಂದು ರೂಪವನ್ನು ಯಾರೂ ಸಮರ್ಥನೆ ಎಂದು ಗುರುತಿಸುವುದಿಲ್ಲ, ಅದು ಪೂರ್ತಿ ಶರಣಾಗತಿ: ‘ಆಯಿತು, ನಾನೇ ಕೆಟ್ಟವನು, ಎಲ್ಲ ನನ್ನದೇ ತಪ್ಪು.’ ಇದನ್ನು ಕೇಳಿದ ಹೆಂಡತಿ ತನ್ನ ನೋವನ್ನು ಬದಿಗಿಟ್ಟು ಗಂಡನನ್ನು ಸಮಾಧಾನ ಮಾಡಲು ನಿಲ್ಲುತ್ತಾಳೆ. ದೂರು ಹೇಳಲು ಬಂದವಳು ದೂರನ್ನು ಹಾಗೇ ಹೊತ್ತು ವಾಪಸಾಗುತ್ತಾಳೆ.

ಗುರುತಿಸಲು ಒಂದು ಸುಲಭ ದಾರಿ ಇದೆ. ನಿಮ್ಮ ವಾಕ್ಯ ಮುಗಿದ ಮೇಲೆ ಮಾತು ಯಾರ ಬಗ್ಗೆ ನಡೆಯುತ್ತಿದೆ? ಅವರು ಕಂಡದ್ದರ ಬಗ್ಗೆ ನಡೆಯುತ್ತಿದ್ದರೆ ನೀವು ಕೇಳುತ್ತಿದ್ದೀರಿ. ನೀವು ಎಂಥವರು ಎಂಬುದರ ಬಗ್ಗೆ ತಿರುಗಿದ್ದರೆ ಸಮರ್ಥನೆ ಶುರುವಾಗಿದೆ.

## ಒಂದು ನಿಜವಾದ ಸಂದರ್ಭದಲ್ಲಿ ಇದು ಹೇಗೆ ನಡೆಯಿತು ಎಂದು ಹೇಳಬಹುದೇ?

ಹೇಳುತ್ತೇನೆ. ಇಬ್ಬರ ಒಪ್ಪಿಗೆ ಇದೆ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಸಕಲೇಶಪುರದ ಕಡೆಯ ಕಾಫಿ ತೋಟದ ಮನೆ. ಮದುವೆಯಾಗಿ 19 ವರ್ಷ. ಮಗ ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಾನೆ. ಜನವರಿ, ಕೊಯ್ಲಿನ ಕಾಲ. ರಾತ್ರಿ ಒಂಬತ್ತೂವರೆಗೆ ಅನ್ನ ಬಡಿಸುತ್ತಾ ಆಕೆ ಹೇಳಿದರು: ‘ನೀವು ತುಂಬಾ ಬದಲಾಗಿಬಿಟ್ಟಿದ್ದೀರಿ. ಮೊದಲಿನ ಹಾಗೆ ಇಲ್ಲವೇ ಇಲ್ಲ.’

ಗಂಡನ ಉತ್ತರ: ‘ನಾನೇನು ಬದಲಾಗಿದ್ದೇನೆ? ಬೆಳಿಗ್ಗೆ ಆರಕ್ಕೆ ತೋಟಕ್ಕೆ ಇಳಿದವನು ರಾತ್ರಿ ಪಲ್ಪರ್ ನಿಲ್ಲಿಸಿ ಬರುತ್ತೇನೆ. ಯಾರಿಗಾಗಿ? ಬದಲಾಗಿರುವುದು ನೀನು. ಯಾವಾಗ ನೋಡಿದರೂ ತವರಿಗೆ ಫೋನು.’

ಆಕೆ ಸಾರಿನ ಪಾತ್ರೆ ಅಲ್ಲೇ ಇಟ್ಟು ಒಳಗೆ ಹೋದರು. ಮುಂದಿನ ನಾಲ್ಕು ದಿನ ಮನೆಯಲ್ಲಿ ‘ಊಟ ಬಡಿಸಲೇ’, ‘ಬೇಡ’ ಎಂಬಷ್ಟೇ ಮಾತು.

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎಂಬುದನ್ನು ಗಮನಿಸಿ. ಅರೇಬಿಕಾ ಹಣ್ಣನ್ನು ಕುಯ್ದ ದಿನವೇ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರ್‌ಗೆ ಹಾಕಬೇಕು, ರಾಶಿ ಬಿಟ್ಟರೆ ಹುಳಿತು ಬೀಜದ ರುಚಿ ಕೆಡುತ್ತದೆ. ಆಳು ಹಣ್ಣು ತಂದು ಅಳೆದುಕೊಟ್ಟ ಮೇಲೆಯೇ ಆ ಕೆಲಸ ಶುರುವಾಗುತ್ತದೆ. ರಾತ್ರಿಯಾಗದೆ ಇನ್ನೇನಾಗುತ್ತದೆ? ಅವರ ಲೆಕ್ಕ ಸರಿ ಇತ್ತು, ಅದೇ ತೊಡಕು. ಸರಿಯಾದ ಲೆಕ್ಕ ಕೈಯಲ್ಲಿರುವವರಿಗೆ ಇನ್ನೊಬ್ಬರು ಕೇಳಿದ ಪ್ರಶ್ನೆ ಅದಲ್ಲ ಎಂದು ಹೊಳೆಯುವುದೇ ಇಲ್ಲ. ಆಕೆ ಕೆಲಸದ ಹೊತ್ತಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಮೂರು ವಾರದ ಬಳಿಕ ಇಬ್ಬರೂ ನನ್ನ ಮುಂದೆ ಕುಳಿತಾಗ ಅದೇ ಮಾತನ್ನು ಮೊದಲಿನಿಂದ ಆಡಿಸಿದೆ. ಈ ಸಲ ಅವರು ಕೇಳಿದರು: ‘ಯಾವುದರಲ್ಲಿ ಹಾಗೆ ಅನ್ನಿಸಿತು? ಇತ್ತೀಚಿನದೊಂದು ಹೇಳು.’

‘ಎಲ್ಲದರಲ್ಲೂ’ ಎಂದರು ಆಕೆ.

ಇಲ್ಲಿ ಮುಕ್ಕಾಲು ಜನ ಜಾರುತ್ತಾರೆ. ‘ಎಲ್ಲದರಲ್ಲೂ ಎಂದರೆ ಹೇಗೆ? ಒಂದೂ ನೆನಪಿಲ್ಲ ಅಂತಾಯಿತು’ ಎಂದು ಹಿಡಿದುಕೊಳ್ಳುತ್ತಾರೆ. ಆದರೆ ಮೊದಲ ಉತ್ತರ ಅಸ್ಪಷ್ಟವಾಗಿಯೇ ಬರುತ್ತದೆ, ಏಕೆಂದರೆ ಬಹಳ ದಿನದಿಂದ ಯಾರೂ ಕೇಳಿರುವುದಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಎಲ್ಲದರಲ್ಲೂ ಅನ್ನುವಷ್ಟು ಬೇಸರವಾಗಿದೆ ನಿನಗೆ. ಒಂದರಿಂದ ಶುರು ಮಾಡು, ಕೇಳುತ್ತೇನೆ.’

ಆಕೆ ಕಿಟಕಿಯ ಕಡೆ ನೋಡುತ್ತಾ ಹೇಳಿದರು: ‘ಸ್ಪ್ರಿಂಕ್ಲರ್‌ಗೆ ಹೊಸ ಮೋಟಾರ್ ತಂದಿರಿ. ನನಗೆ ಗೊತ್ತಾಗಿದ್ದು ಲೈನಿನ ಆಳು ಹೆಂಗಸರಿಂದ. ಅಮ್ಮಾ, ಹೊಸ ಮೋಟಾರ್ ಬಂದಿದೆಯಂತೆ ಎಂದರು. ಗೊತ್ತಿದ್ದವಳ ಹಾಗೆ ತಲೆಯಾಡಿಸಿದೆ.’

ಅವರ ಬಾಯಿ ತೆರೆಯಿತು. ‘ಹೇಳಲು ಮರೆತೆ’ ಎಂಬುದು ಬರುತ್ತಿತ್ತು ಎಂದು ಆಮೇಲೆ ಒಪ್ಪಿಕೊಂಡರು. ಅದನ್ನು ನುಂಗಿಕೊಂಡು, ನಾವು ಅಭ್ಯಾಸ ಮಾಡಿದ್ದಂತೆ ಆಕೆ ಹೇಳಿದ್ದನ್ನೇ ತಮ್ಮ ಮಾತಿನಲ್ಲಿ ತಿರುಗಿ ಹೇಳಿದರು: ‘ನಿನಗಿಂತ ಮೊದಲು ಲೈನಿನವರಿಗೆ ಗೊತ್ತಾಯಿತು. ಅವರ ಮುಂದೆ ಗೊತ್ತಿರುವ ಹಾಗೆ ನಟಿಸಬೇಕಾಯಿತು.’

‘ಹೌದು. ಅದೇ.’ ಈಗ ಆಕೆ ತಿರುಗಿ ಅವರ ಮುಖ ನೋಡಿದರು. ‘ಮೊದಲು ಸಂಜೆ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಎಲ್ಲ ಹೇಳುತ್ತಿದ್ದಿರಿ. ಎಷ್ಟು ಆಳು ಬಂದರು, ಕಣದಲ್ಲಿ ಎಷ್ಟು ಒಣಗಿತು, ಯಾರು ಮುಂಗಡ ಕೇಳಿದರು. ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೂ ನನಗೇ ಮೊದಲು ಹೇಳುತ್ತಿದ್ದಿರಿ. ಈಗ ಅದೇ ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಕಾಫಿ ದರ ನೋಡುತ್ತೀರಿ.’

‘ಬದಲಾಗಿದ್ದೀರಿ’ ಎಂಬ ದೊಡ್ಡ ಪಾತ್ರೆಯ ಒಳಗೆ ಇದ್ದದ್ದು ಇದು: ಸಂಜೆಯ ಹತ್ತು ನಿಮಿಷ, ಮತ್ತು ಮೊದಲು ತನಗೇ ಹೇಳುತ್ತಾರೆ ಎಂಬ ಭರವಸೆ. ಪ್ರೀತಿ ಕಡಿಮೆಯಾಗಿದೆ ಎಂದು ಆಕೆ ಹೇಳುತ್ತಿರಲಿಲ್ಲ. ಕೆಲಸ ಕಡಿಮೆ ಮಾಡಿ ಎಂದೂ ಹೇಳುತ್ತಿರಲಿಲ್ಲ.

ಅವರು ಹೇಳಿದ ಕೊನೆಯ ವಾಕ್ಯ: ‘ಮೋಟಾರ್ ತರುವ ಮೊದಲು ನಿನಗೆ ಹೇಳಬೇಕಿತ್ತು. ಹೇಳಲಿಲ್ಲ.’ ಅಲ್ಲಿಗೆ ನಿಲ್ಲಿಸಿದರು. ಹಿಂದೆ ‘ಆದರೆ’ ಬರಲಿಲ್ಲ.

## ಹಾಗಾದರೆ ನನ್ನ ಕಾರಣಗಳನ್ನು ಎಂದೂ ಹೇಳಲೇಬಾರದೇ?

ಹೇಳಬೇಕು, ಆದರೆ ಎದುರಿನವರು ‘ಹೌದು, ಅದೇ’ ಎಂದ ಮೇಲೆ. ಮೇಲಿನ ದಂಪತಿಯಲ್ಲಿ ಕಾರಣವೂ ದೊಡ್ಡದೇ ಇತ್ತು. ಎರಡು ವರ್ಷದ ಹಿಂದೆ ಗಂಡನ ತಂದೆ ತೀರಿಕೊಂಡಿದ್ದರು. ತೋಟದ ಹಣಕಾಸಿನ ನಿರ್ಧಾರಗಳನ್ನು ಅದುವರೆಗೆ ತಂದೆ ಮಗ ಕೂಡಿ ಮಾಡುತ್ತಿದ್ದರು. ಆಮೇಲೆ ಅವರು ಒಬ್ಬರೇ ಮಾಡತೊಡಗಿದರು, ಒಳಗೊಳಗೇ ಲೆಕ್ಕ ಹಾಕುವುದು ಅಭ್ಯಾಸವಾಯಿತು. ಇದನ್ನು ಅವರು ಮುಂದಿನ ವಾರ ಹೇಳಿದರು. ‘ಅಪ್ಪ ಹೋದ ಮೇಲೆ ಯಾರಿಗೂ ಹೇಳದೆ ನಿರ್ಧಾರ ಮಾಡುವುದು ರೂಢಿಯಾಗಿಬಿಟ್ಟಿತು’ ಎಂದಾಗ ಆಕೆಯ ಕಣ್ಣು ತುಂಬಿತು. ಅದೇ ಮಾತನ್ನು ಜನವರಿಯ ಆ ರಾತ್ರಿ ಹೇಳಿದ್ದರೆ ಅದೊಂದು ನೆಪವಾಗಿ ಕೇಳುತ್ತಿತ್ತು.

## ಆ ಮಾತು ಕೇಳಿದ ತಕ್ಷಣ ಎದೆ ಬಡಿದುಕೊಳ್ಳುತ್ತದೆ. ಇಷ್ಟೆಲ್ಲ ಆಗ ಎಲ್ಲಿ ನೆನಪಿರುತ್ತದೆ?

ನೆನಪಿರುವುದಿಲ್ಲ, ಅದು ನಿಮ್ಮ ದೌರ್ಬಲ್ಯವಲ್ಲ. ಜಗಳದ ಹೊತ್ತಿನಲ್ಲಿ ಎದೆಬಡಿತ ನಿಮಿಷಕ್ಕೆ 100 ದಾಟಿದರೆ ಮನುಷ್ಯನಿಗೆ ಇನ್ನೊಬ್ಬರ ಮಾತನ್ನು ಅರಗಿಸಿಕೊಳ್ಳುವುದು ಬಹಳ ಕಷ್ಟ ಎಂದು ಗಾಟ್‌ಮನ್ ಹೇಳುತ್ತಾರೆ. ಆಗ ದೇಹ ಅಪಾಯಕ್ಕೆ ಸಿದ್ಧವಾಗಿರುತ್ತದೆ, ಎದುರಿಗಿರುವುದು ಹೆಂಡತಿ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಮಣಿಕಟ್ಟಿನ ನಾಡಿ ಹಿಡಿದು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ. 25 ಬಡಿತ ದಾಟಿದ್ದರೆ ಮಾತು ಮುಂದುವರಿಸಬೇಡಿ.

ಬಿಡುವು ಕೇಳಿ. ಕೇಳುವ ರೀತಿಯಲ್ಲೇ ಎಲ್ಲ ಇದೆ. ‘ನನಗೆ ಈಗ ಮಾತು ಬೇಡ’ ಎಂದು ಎದ್ದುಹೋದರೆ ಅದು ಬಾಗಿಲು ಮುಚ್ಚಿದಂತೆ. ‘ನೀನು ಹೇಳಿದ್ದು ನನಗೆ ಮುಖ್ಯ. ಈಗ ತಲೆ ಬಿಸಿಯಾಗಿದೆ, ಏನಾದರೂ ತಪ್ಪು ಮಾತು ಬಂದುಬಿಡುತ್ತದೆ. ಹತ್ತು ಗಂಟೆಗೆ ಕೂರೋಣ’ ಎಂದು ಗಡಿಯಾರದ ಹೊತ್ತನ್ನು ಹೇಳಿ ಹೋಗಿ. ಕನಿಷ್ಠ 20 ನಿಮಿಷ ಬೇಕು, ದೇಹ ತಣ್ಣಗಾಗಲು ಅಷ್ಟು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಅಂಗಳ ಸುತ್ತಬಹುದು, ಪಾತ್ರೆ ತೊಳೆಯಬಹುದು, ದನಕ್ಕೆ ಹುಲ್ಲು ಹಾಕಬಹುದು. ಉತ್ತರವನ್ನು ಮನಸ್ಸಿನಲ್ಲೇ ಹೊಸೆಯುತ್ತಾ ಕೂರಬೇಡಿ, ಹಾಗೆ ಕುಳಿತರೆ 20 ನಿಮಿಷದ ಕೊನೆಗೆ ಇನ್ನೂ ಬಿಸಿಯಾಗಿ ಬರುತ್ತೀರಿ. ಹತ್ತು ಗಂಟೆಗೆ ಬಂದು ಮಾತು ತೆಗೆಯಬೇಕಾದವರು ನೀವೇ. ಅವರೇ ನೆನಪಿಸುವಂತಾದರೆ ಮುಂದಿನ ಸಲ ಬಿಡುವು ಕೇಳಿದಾಗ ಯಾರೂ ನಂಬುವುದಿಲ್ಲ.

## ಅವರೂ ಬದಲಾಗಿದ್ದಾರೆ. ನನ್ನ ಮಾತಿಗೆ ಜಾಗವೇ ಇಲ್ಲವೇ?

ಇದೆ, ಆದರೆ ಅದೇ ಕೂಟದಲ್ಲಿ ಅಲ್ಲ. ದೂರಿಗೆ ಪ್ರತಿದೂರು ಇಟ್ಟರೆ ಎರಡೂ ಅರ್ಧದಲ್ಲೇ ಉಳಿಯುತ್ತವೆ. ಎರಡು ಬಸ್ಸುಗಳು ಕಿರಿದಾದ ಸೇತುವೆಯ ಮೇಲೆ ಎದುರುಬದುರಾದ ಹಾಗೆ, ಯಾರಾದರೂ ಒಬ್ಬರು ಹಿಂದೆ ಸರಿಯದೆ ಇಬ್ಬರಿಗೂ ದಾರಿ ಇಲ್ಲ.

ನಾನು ಕನಿಷ್ಠ ಒಂದು ದಿನದ ಅಂತರ ಇಡಲು ಹೇಳುತ್ತೇನೆ. ಸಕಲೇಶಪುರದ ಆ ಗಂಡನಿಗೂ ದೂರು ಇತ್ತಲ್ಲ, ತವರಿನ ಫೋನು. ಅದು ಮೂರನೆಯ ಸಲ ಬಂದಾಗ ಹೊರಗೆ ಬಂತು, ಆದರೆ ಬೇರೆ ರೂಪದಲ್ಲಿ: ‘ರಾತ್ರಿ ನಾನು ಬಂದಾಗ ನೀನು ಫೋನಿನಲ್ಲಿರುತ್ತೀಯ. ಒಬ್ಬನೇ ಊಟ ಮಾಡಲು ನನಗೆ ಬೇಸರ.’ ‘ಯಾವಾಗ ನೋಡಿದರೂ’ ಹೋಗಿತ್ತು, ತವರಿನ ಹೆಸರೂ ಹೋಗಿತ್ತು. ಆಕೆ ಕೊಟ್ಟ ಉತ್ತರ ಕೇಳಿ ಅವರು ತುಂಬಾ ಹೊತ್ತು ಮಾತಾಡಲಿಲ್ಲ: ‘ನೀವು ಜಗಲಿಯಲ್ಲಿ ಮಾತು ನಿಲ್ಲಿಸಿದ ಮೇಲೆ ನಾನು ಅಮ್ಮನ ಜೊತೆ ಮಾತು ಹೆಚ್ಚು ಮಾಡಿದೆ.’ ಪ್ರತ್ಯಾರೋಪವಾಗಿ ಎಸೆದಿದ್ದ ವಿಷಯ ಮೊದಲ ದೂರಿನದೇ ಇನ್ನೊಂದು ತುದಿಯಾಗಿತ್ತು. ಎಲ್ಲ ಮನೆಯಲ್ಲೂ ಹೀಗೆ ಗಂಟು ಬಿಚ್ಚಿಕೊಳ್ಳುತ್ತದೆ ಎಂದು ಹೇಳಲಾರೆ. ಆದರೆ ಎಸೆಯುವುದರಿಂದ ಮಾತ್ರ ಅದು ಗೊತ್ತಾಗುವುದೇ ಇಲ್ಲ.

## ಅತ್ತೆ ಮಾವನ ಮುಂದೆ, ನೆಂಟರ ಮುಂದೆ ಈ ಮಾತು ಬಂದರೆ?

ಅಲ್ಲಿ ಉತ್ತರ ಕೊಡಬೇಡಿ, ನಗೆಯಲ್ಲೂ ತೇಲಿಸಬೇಡಿ. ‘ಇದನ್ನು ನಾವಿಬ್ಬರೇ ಮಾತಾಡೋಣ’ ಎಂದಷ್ಟು ಹೇಳಿ, ಅದೇ ದಿನ ಮಾತಾಡಿ. ಶಿರಾಡಿ ಘಾಟಿಯಲ್ಲಿ ಗಾಡಿ ಓಡಿಸುತ್ತಿರುವಾಗ ಬಂದರೂ ಇದೇ ಉತ್ತರ.

## ಗಂಡ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ವಾರಕ್ಕೊಮ್ಮೆ ಹಾಸನಕ್ಕೆ ಬರುತ್ತಾರೆ. ಈ ಮಾತು ವಾಟ್ಸ್‌ಆ್ಯಪ್‌ನಲ್ಲೇ ಬಂತು. ಏನು ಬರೆಯಲಿ?

ಒಂದೇ ಸಾಲು ಬರೆಯಿರಿ: ‘ಓದಿದೆ. ಮನಸ್ಸಿಗೆ ತಾಕಿತು. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಲೇ?’ ಅದಕ್ಕಿಂತ ಹೆಚ್ಚು ಬರೆದರೆ ಬರೆದದ್ದೆಲ್ಲ ಸಮರ್ಥನೆಯಾಗಿ ಓದಿಸಿಕೊಳ್ಳುತ್ತದೆ, ಏಕೆಂದರೆ ಅಕ್ಷರಕ್ಕೆ ದನಿ ಇಲ್ಲ. ನೀಲಿ ಗುರುತು ಬಂದ ಮೇಲೆ ಉತ್ತರವಿಲ್ಲದ ನಾಲ್ಕು ಗಂಟೆ ಕಳೆದರೆ ಅದು ಕೂಡ ಒಂದು ಉತ್ತರವಾಗುತ್ತದೆ.

## ನಾನು ನಿಜಕ್ಕೂ ಬದಲಾಗಿದ್ದೇನೆ, ಹಿಂದಕ್ಕೆ ಹೋಗಲು ಇಷ್ಟವಿಲ್ಲ. ಆಗ?

ಈ ಪ್ರಶ್ನೆಯನ್ನು ನನಗೆ ಹೆಚ್ಚಾಗಿ ಹೆಂಗಸರು ಕೇಳುತ್ತಾರೆ, ಕೇಳುವಾಗ ಅವರ ದನಿ ತಗ್ಗುತ್ತದೆ. ಮದುವೆಯಾಗಿ ಹತ್ತು ವರ್ಷದ ಮೇಲೆ ಕೆಲಸಕ್ಕೆ ಸೇರಿದವರು, ದೂರಶಿಕ್ಷಣದಲ್ಲಿ ಪದವಿ ಮುಗಿಸಿದವರು, ಎಲ್ಲದಕ್ಕೂ ‘ಹೂಂ’ ಎನ್ನುವುದನ್ನು ನಿಲ್ಲಿಸಿದವರು. ಗಂಡ ‘ನೀನು ಮೊದಲಿನ ಹಾಗಿಲ್ಲ’ ಎಂದಾಗ ಅವರಿಗೆ ಎರಡೇ ದಾರಿ ಕಾಣುತ್ತವೆ: ಕ್ಷಮೆ ಕೇಳುವುದು ಇಲ್ಲವೇ ಕಾದಾಡುವುದು.

ಮೂರನೆಯದು ಇದೆ. ಬದಲಾವಣೆಯನ್ನು ನೇರವಾಗಿ ಒಪ್ಪಿಕೊಳ್ಳಿ, ಅದರಿಂದ ಅವರು ಕಳೆದುಕೊಂಡದ್ದನ್ನೂ ಒಪ್ಪಿಕೊಳ್ಳಿ, ಬದಲಾವಣೆಯನ್ನು ಮಾತ್ರ ಕೈಬಿಡಬೇಡಿ. ಬೇಲೂರಿನಿಂದ ಹಾಸನಕ್ಕೆ ದಿನವೂ ಬಸ್ಸಿನಲ್ಲಿ ಕಚೇರಿಗೆ ಬರುವ ಒಬ್ಬರು ತಮ್ಮ ಗಂಡನಿಗೆ ಹೇಳಿದ್ದು ಹೀಗೆ: ‘ಹೌದು, ನಾನು ಬದಲಾಗಿದ್ದೇನೆ. ಮೊದಲು ನೀವು ಬಂದಾಗ ಮನೆಯಲ್ಲಿ ದೀಪ ಹಚ್ಚಿರುತ್ತಿತ್ತು, ನಾನು ಬಾಗಿಲಲ್ಲಿರುತ್ತಿದ್ದೆ. ಈಗ ನೀವೇ ಬೀಗ ತೆಗೆಯಬೇಕು. ಅದು ನಿಮಗೆ ಖಾಲಿ ಅನ್ನಿಸುತ್ತದೆ ಎಂದು ನನಗೆ ಅರ್ಥವಾಗುತ್ತದೆ. ಕೆಲಸ ನಾನು ಬಿಡುವುದಿಲ್ಲ. ಆ ಖಾಲಿಗೆ ಏನು ಮಾಡಬಹುದು, ಇಬ್ಬರೂ ಯೋಚಿಸೋಣ.’

‘ಕೆಲಸ ಬಿಡುವುದಿಲ್ಲ’ ಎಂಬುದು ಎಲ್ಲಿ ಬಂದಿದೆ ನೋಡಿ, ನಷ್ಟದ ಮಾತು ಮುಗಿದ ಮೇಲೆ. ಮೊದಲೇ ಬಂದಿದ್ದರೆ ಮುಂದಿನದೇನೂ ಕೇಳಿಸುತ್ತಿರಲಿಲ್ಲ. ‘ನೀವು ಮನೆಕೆಲಸ ಮಾಡದಿದ್ದಕ್ಕೇ’ ಎಂಬ ತಿರುಗುಬಾಣವೂ ಇಲ್ಲ. ಮನೆಕೆಲಸದ ಹಂಚಿಕೆ ಖಂಡಿತ ಮಾತಾಡಬೇಕಾದ ವಿಷಯ, ಅವರಿಬ್ಬರೂ ಆಮೇಲೆ ಮಾತಾಡಿದರು ಕೂಡ. ಅದಕ್ಕೆ ಬೇರೆ ದಿನ ಇಟ್ಟುಕೊಂಡರು.

## ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಹೇಗೆ ತಿಳಿಯುವುದು?

ದೂರು ಚಿಕ್ಕದಾಗುತ್ತಾ ಬಂದರೆ ಸರಿಯಾದ ದಾರಿಯಲ್ಲಿದ್ದೀರಿ. ‘ಎಲ್ಲ’ ಹೋಗಿ ‘ಮೋಟಾರ್’ ಬರುತ್ತದೆ. ‘ಯಾವಾಗಲೂ’ ಹೋಗಿ ‘ಕಳೆದ ಭಾನುವಾರ’ ಬರುತ್ತದೆ. ದನಿ ಇಳಿಯುತ್ತದೆ, ವಾಕ್ಯಗಳು ಉದ್ದವಾಗುತ್ತವೆ, ಹಳೆಯದೊಂದು ಒಳ್ಳೆಯ ನೆನಪು ನುಸುಳುತ್ತದೆ. ‘ಮೊದಲು ನೀವು ಹೀಗೆ ಮಾಡುತ್ತಿದ್ದಿರಿ’ ಎನ್ನುವ ಮಾತನ್ನು ಆರೋಪವೆಂದು ತಿಳಿಯಬೇಡಿ. ಏನು ಬೇಕಾಗಿದೆ ಎಂದು ಅವರು ವಿಳಾಸ ಕೊಡುತ್ತಿದ್ದಾರೆ.

ಅದೇ ವಾಕ್ಯ ಅದೇ ಪದಗಳಲ್ಲಿ, ಇನ್ನೂ ಏರಿದ ದನಿಯಲ್ಲಿ ಮತ್ತೆ ಬಂದರೆ ನಿಮಗೆ ಇನ್ನೂ ತಲುಪಿಲ್ಲ ಎಂದು ಅವರಿಗೆ ಅನ್ನಿಸಿದೆ. ‘ನಾನು ಹಿಡಿದದ್ದು ತಪ್ಪಿರಬೇಕು, ಇನ್ನೊಮ್ಮೆ ಹೇಳು’ ಎನ್ನಿ.

ಒಂದೇ ಸಲಕ್ಕೆ ಮುಗಿಯುತ್ತದೆ ಎಂದು ಎಣಿಸಬೇಡಿ. ದಂಪತಿಗಳ ತಕರಾರುಗಳಲ್ಲಿ ಸುಮಾರು 69 ಪ್ರತಿಶತ ಎಂದಿಗೂ ಪೂರ್ತಿ ಬಗೆಹರಿಯದೆ ಮತ್ತೆ ಮತ್ತೆ ಬರುವಂಥವು ಎಂಬುದು ಗಾಟ್‌ಮನ್ ಅಧ್ಯಯನಗಳ ಲೆಕ್ಕ. ಕೊಯ್ಲು ಮತ್ತೆ ಬರುತ್ತದೆ, ಜಗಲಿ ಮತ್ತೆ ಖಾಲಿಯಾಗಬಹುದು. ಎರಡನೆಯ ಸಲ ಆ ಮಾತು ಬಂದಾಗ ‘ಅವತ್ತೇ ಮಾತಾಡಿದೆವಲ್ಲ’ ಎನ್ನುವ ಬದಲು ‘ಮತ್ತೆ ನಿನಗೆ ಹೇಳದೆ ಏನಾದರೂ ಮಾಡಿದೆನೇ?’ ಎಂದು ಕೇಳಬಹುದು. ಹಾಗೆ ಕೇಳಿದರೆ ಕಳೆದ ಸಲದ ಮಾತು ನೆನಪಿದೆ ಎಂದು ಅವರಿಗೆ ತಿಳಿಯುತ್ತದೆ.

## ಈ ರೀತಿಯಲ್ಲಿ ಉತ್ತರಿಸಬಾರದ ಸಂದರ್ಭ ಇದೆಯೇ?

ಎರಡು ಇವೆ.

ಮೊದಲನೆಯದು, ಆ ಮಾತಿನ ಹಿಂದೆ ಭಯ ಇದ್ದಾಗ. ‘ಬದಲಾಗಿದ್ದೀಯ’ ಎಂದರೆ ‘ಅನುಮತಿ ಕೇಳದೆ ಹೊರಗೆ ಹೋಗುತ್ತಿದ್ದೀಯ’, ‘ಸಂಬಳ ಕೈಗೆ ಕೊಡುತ್ತಿಲ್ಲ’, ‘ಫೋನ್ ತೋರಿಸುತ್ತಿಲ್ಲ’ ಎಂದೇ ಅರ್ಥವಾಗಿದ್ದರೆ, ಉತ್ತರ ಇಷ್ಟವಾಗದಿದ್ದರೆ ಕೈ ಏಳುತ್ತದೆ ಎಂಬ ಅಳುಕು ಇದ್ದರೆ, ಅಲ್ಲಿ ಕೇಳಿಸಿಕೊಳ್ಳುವ ಕಲೆಯಿಂದ ಏನೂ ಆಗುವುದಿಲ್ಲ. ಗುರುತಿಸಲು ಇದೊಂದನ್ನು ಗಮನಿಸಿ: ದೂರು ಹೇಳುವವರು ನಿಮ್ಮ ಹತ್ತಿರಕ್ಕೆ ಬರಲು ಬಯಸುತ್ತಿದ್ದಾರೆಯೇ, ನಿಮ್ಮ ಓಡಾಟವನ್ನು ಕುಗ್ಗಿಸಲು ಬಯಸುತ್ತಿದ್ದಾರೆಯೇ? ಎರಡನೆಯದಾದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಹೊಡೆತ ಮಾತ್ರವಲ್ಲ, ಬೈಗುಳ, ಅವಮಾನ, ಹಣದ ವಿಷಯದಲ್ಲಿ ಕಟ್ಟಿಹಾಕುವುದು ಕೂಡ ಹಿಂಸೆಯೇ.

ಎರಡನೆಯದು, ಬದಲಾವಣೆ ನಿಮಗೂ ಅರ್ಥವಾಗದೆ ಇದ್ದಾಗ. ಸಂಗಾತಿ ಹೇಳುವ ಉದಾಹರಣೆಗಳೆಲ್ಲ ನಿದ್ದೆ, ಊಟ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ವಿನಾಕಾರಣ ಸಿಟ್ಟು, ಕುಡಿತ, ಇವುಗಳ ಸುತ್ತಲೇ ಇದ್ದು, ಎರಡು ವಾರಕ್ಕೂ ಮೀರಿ ದಿನವೂ ಹಾಗೇ ಇದ್ದರೆ ವೈದ್ಯರನ್ನು ಕಾಣಿ. ಖಿನ್ನತೆ, ಥೈರಾಯ್ಡ್ ಏರುಪೇರು, ಮುಟ್ಟು ನಿಲ್ಲುವ ಕಾಲದ ತೊಂದರೆಗಳು ಮನೆಯವರ ಕಣ್ಣಿಗೆ ಮೊದಲು ‘ಬದಲಾವಣೆ’ಯಾಗಿಯೇ ಕಾಣುತ್ತವೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇಲ್ಲಿ ಸಂಗಾತಿಗೆ ಹೇಳಬೇಕಾದ ಉತ್ತರ ಬೇರೆ: ‘ನೀನು ಹೇಳಿದ್ದು ಸರಿ ಇರಬಹುದು. ನನಗೇ ಗೊತ್ತಾಗುತ್ತಿಲ್ಲ. ಡಾಕ್ಟರ ಹತ್ತಿರ ಜೊತೆಗೆ ಬರುತ್ತೀಯಾ?’

## ಎಲ್ಲ ಓದಿಯೂ ನಿನ್ನೆ ರಾತ್ರಿ ಕೂಗಾಡಿಬಿಟ್ಟೆ. ಈಗ ಏನು?

ಇನ್ನೂ ಹೊತ್ತು ಮೀರಿಲ್ಲ. ಬೆಳಿಗ್ಗೆ, ಮಕ್ಕಳು ಎದ್ದೇಳುವ ಮೊದಲು, ಎರಡು ಲೋಟ ಕಾಫಿ ಮಾಡಿಕೊಂಡು ಹೋಗಿ ಇಷ್ಟು ಹೇಳಿ: ‘ನಿನ್ನೆ ನೀನು ಒಂದು ಮಾತು ಹೇಳಿದೆ. ನಾನು ಕೇಳಿಸಿಕೊಳ್ಳಲಿಲ್ಲ, ನನ್ನದನ್ನೇ ಹೇಳಿದೆ. ಆ ಮಾತು ಇನ್ನೊಮ್ಮೆ ಹೇಳುತ್ತೀಯಾ?’

ಅವರು ‘ಈಗ ಬೇಡ’ ಎನ್ನಬಹುದು. ‘ಸರಿ, ಸಂಜೆ ಕೇಳುತ್ತೇನೆ’ ಎಂದು ಹೇಳಿ, ಸಂಜೆ ಮರೆಯದೆ ಕೇಳಿ.